ಮೆಕ್ಕೆಜೋಳ ಕೂದಲು ಬಿಡುವ ದಿನ: ಬೀಜದ ಚೀಲದ ಲೆಕ್ಕ, ಸಾದಾ ಡಿಗ್ರಿ-ದಿನ, ಮಿತಿ ಹಾಕಿದ ಡಿಗ್ರಿ-ದಿನ

ಆನಗೋಡು ಕಡೆ ನಮ್ಮದು ಕೆಂಪು ಮಣ್ಣಿನ ಹೊಲ, ನೀರಿಗೆ ಒಂದೇ ಬೋರು. ಮೆಕ್ಕೆಜೋಳಕ್ಕೆ ಸೂಲಂಗಿ ಬಂದು ತೆನೆ ಕೂದಲು ಬಿಡುವ ಆಸುಪಾಸಿನ ಎರಡು ವಾರ ನೀರು ತಪ್ಪಿದರೆ ಕಾಳು ಕಟ್ಟುವುದಿಲ್ಲ. ಆ ಎರಡು ವಾರ ಯಾವಾಗ ಬರುತ್ತದೆ ಅಂತ ಮೊದಲೇ ತಿಳಿದರೆ ಬೋರಿನ ನೀರನ್ನು ಟೊಮೇಟೊಗೆ ಎಷ್ಟು, ಜೋಳಕ್ಕೆ ಎಷ್ಟು ಅಂತ ಹಂಚಬಹುದು. ಅದಕ್ಕೇ ಒಂದೇ ತಳಿಯನ್ನು ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಬಿತ್ತಿ, ಮೂರು ಥರದ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದೆ.

ಮೊದಲನೆಯದು ಬೀಜದ ಚೀಲದ ಲೆಕ್ಕ, ಅಂದರೆ ಸುಮ್ಮನೆ ದಿನ ಎಣಿಸುವುದು. ಎಲ್ಲರೂ ಮಾಡುವುದು ಇದನ್ನೇ. ಎರಡನೆಯದು ಸಾದಾ ಡಿಗ್ರಿ-ದಿನ: ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶದ ಸರಾಸರಿ ತೆಗೆದು ಅದರಲ್ಲಿ 10 ಕಳೆಯುವುದು. 10 ಡಿಗ್ರಿಗಿಂತ ಕೆಳಗೆ ಮೆಕ್ಕೆಜೋಳ ಬೆಳೆಯುವುದಿಲ್ಲವೆಂದೇ ಹಿಡಿಯುತ್ತಾರೆ. ಉಳಿದದ್ದನ್ನು ದಿನದಿನ ಕೂಡಿಸುತ್ತಾ ಹೋದರೆ, ಒಂದು ತಳಿ ಹೆಚ್ಚುಕಡಿಮೆ ಒಂದೇ ಮೊತ್ತಕ್ಕೆ ಕೂದಲು ಬಿಡಬೇಕು. ಮೂರನೆಯದೂ ಇದೇ, ಆದರೆ ಗರಿಷ್ಠ ಉಷ್ಣಾಂಶ 30 ದಾಟಿದರೆ ಅದನ್ನು 30 ಅಂತಲೇ ಬರೆದುಕೊಳ್ಳಬೇಕು, ಕನಿಷ್ಠ 10ಕ್ಕಿಂತ ಇಳಿದರೆ 10 ಅಂತ. 30ರ ಮೇಲೆ ಬಿಸಿಲು ಏರಿದಷ್ಟೂ ಬೆಳೆ ಓಡುವುದಿಲ್ಲ ಎಂಬುದು ಇದರ ಹಿಂದಿನ ವಿಚಾರ. ನಾನು ಮೊಬೈಲಿನ ಶೀಟಿನಲ್ಲಿ ಬರೆದುಕೊಂಡ ಸೂತ್ರ ಇದು, B ಗರಿಷ್ಠ, C ಕನಿಷ್ಠ:

```
=(MIN(B2,30)+MAX(C2,10))/2-10
```

ನಮ್ಮಲ್ಲಿ ರಾತ್ರಿ 10ಕ್ಕಿಂತ ಕೆಳಗೆ ಇಳಿಯುವುದು ಅಪರೂಪ, ಹಾಗಾಗಿ ಸೂತ್ರದ ಆ ಭಾಗಕ್ಕೆ ಇಲ್ಲಿ ಕೆಲಸವಿಲ್ಲ. ಕೆಲಸ ಮಾಡುವುದು 30ರ ಮಿತಿ.

ಮಳೆಗಾಲದ ಬೆಳೆಯನ್ನು ಅಳತೆಗೋಲು ಮಾಡಿಕೊಂಡೆ. ಒಣ ಮಣ್ಣಿಗೆ ಬೀಜ ಹಾಕಿ ಮೃಗಶಿರ ಮಳೆ ಕಾಯುವುದು ನಮ್ಮ ರೂಢಿ. ಆದ್ದರಿಂದ ಎಣಿಕೆ ಶುರುವಾಗಬೇಕಾದದ್ದು ಬಿತ್ತಿದ ದಿನದಿಂದ ಅಲ್ಲ, ಬೀಜಕ್ಕೆ ಹದ ಸಿಕ್ಕ ದಿನದಿಂದ. ಜೂನ್ 14ಕ್ಕೆ ಹದ ಮಳೆ ಬಿತ್ತು. ಅರ್ಧದಷ್ಟು ಗಿಡ ಕೂದಲು ಬಿಟ್ಟದ್ದು ಆಗಸ್ಟ್ 10ಕ್ಕೆ, ಅಂದರೆ 57 ದಿನ. ಸಾದಾ ಲೆಕ್ಕದ ಮೊತ್ತ 862, ಮಿತಿ ಹಾಕಿದ್ದು 848. ಮೋಡದ ದಿನಗಳಲ್ಲಿ ಪಾದರಸ 30 ದಾಟುವುದೇ ಕಡಿಮೆ, ಅದಕ್ಕೇ ಎರಡಕ್ಕೂ ವ್ಯತ್ಯಾಸ ಇಷ್ಟೇ. ಮಳೆಗಾಲದಲ್ಲಿ ಮಾತ್ರ ಬೆಳೆಯುವವರಿಗೆ ಈ ಯಾವ ರಗಳೆಯೂ ಬೇಕಿಲ್ಲ, 57 ದಿನ ಎಣಿಸಿದರೆ ಸಾಕು.

ಚಳಿಗಾಲದ ಬೆಳೆಗೆ ನವೆಂಬರ್ 18ಕ್ಕೆ ನೀರು ಕೊಟ್ಟೆ. 57 ದಿನದ ಲೆಕ್ಕ ಜನವರಿ 14 ಅಂದಿತು, ಸಂಕ್ರಾಂತಿಯ ಹೊತ್ತು. ಹೋಗಿ ನೋಡಿದರೆ ಸೂಲಂಗಿಯೂ ಹೊರಗೆ ಬಂದಿರಲಿಲ್ಲ. ರಾತ್ರಿ 16ಕ್ಕೆ ಇಳಿಯುತ್ತಿದ್ದರಿಂದ ದಿನಕ್ಕೆ ಹನ್ನೆರಡೂವರೆಯಷ್ಟೇ ಸೇರುತ್ತಿತ್ತು, ಮಳೆಗಾಲದಲ್ಲಿ 15 ಸೇರುತ್ತಿತ್ತು. ಎರಡೂ ಡಿಗ್ರಿ-ದಿನದ ಲೆಕ್ಕ ಜನವರಿ 25 ಅಂದಿದ್ದವು. ಕೂದಲು ಬಂದದ್ದು 23ಕ್ಕೆ. ದಿನ ಎಣಿಸಿದ್ದು ಒಂಬತ್ತು ದಿನ ತಪ್ಪು, ಇವು ಎರಡೇ ದಿನ.

ಪೈಪೋಟಿ ಶುರುವಾದದ್ದು ಬೇಸಿಗೆ ಬೆಳೆಯಲ್ಲಿ. ಜನವರಿ 20ಕ್ಕೆ ಬೇರೆ ತಾಕಿಗೆ ಬಿತ್ತಿ ನೀರು ಬಿಟ್ಟೆ. ಮಾರ್ಚಿನ ಒಂದು ದಿನ ನೋಡಿ: ಗರಿಷ್ಠ 36, ಕನಿಷ್ಠ 19. ಸಾದಾ ಲೆಕ್ಕಕ್ಕೆ ಹದಿನೇಳೂವರೆ, ಮಿತಿ ಹಾಕಿದ್ದಕ್ಕೆ ಹದಿನಾಲ್ಕೂವರೆ. ಒಂದೇ ದಿನಕ್ಕೆ ಮೂರರ ಅಂತರ, ಎರಡು ತಿಂಗಳು ಸೇರಿದರೆ ವಾರವೇ ಆಗುತ್ತದೆ. ಸಾದಾ ಲೆಕ್ಕ ಮಾರ್ಚ್ 14 ಅಂದಿತು, ಮಿತಿಯದ್ದು 21, ಚೀಲದ ದಿನ 18. ಕೂದಲು ಬಿಟ್ಟದ್ದು 20ಕ್ಕೆ. ಅಷ್ಟು ಲೆಕ್ಕ ಬರೆದ ಸಾದಾ ಡಿಗ್ರಿ-ದಿನ, ಸುಮ್ಮನೆ ದಿನ ಎಣಿಸಿದ್ದಕ್ಕಿಂತಲೂ ಹಿಂದೆ ಬಿತ್ತು. ಚೀಲದ ದಿನ ಇಲ್ಲಿ ಹತ್ತಿರ ಬಂದದ್ದು ಅದೃಷ್ಟ: ಬೇಸಿಗೆಯ ಹಗಲಿನ ಹೆಚ್ಚುವರಿ ಬಿಸಿ ಬೆಳೆಗೆ ದಕ್ಕದ ಕಾರಣ, ದಿನಕ್ಕೆ ಸೇರುವ ಮೊತ್ತ ಮಳೆಗಾಲದಷ್ಟೇ ಆಯಿತು.

ಉಷ್ಣಾಂಶ ಎಲ್ಲಿಂದ ತೆಗೆದುಕೊಳ್ಳುತ್ತೀರಿ ಎಂಬುದಕ್ಕೂ ಒಂದು ಮಾತು. ಮೊದಲು ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರನ್ನು ಪಂಪ್‌ಸೆಟ್ ಮನೆಯ ತಗಡಿನ ಕೆಳಗೆ ನೇತುಹಾಕಿದ್ದೆ. ಹೊಂಗೆ ಮರದ ನೆರಳಲ್ಲಿ ಎದೆಮಟ್ಟಕ್ಕೆ ಇನ್ನೊಂದು ಕಟ್ಟಿದ ಮೇಲೆ ಗೊತ್ತಾಯಿತು, ತಗಡಿನ ಕೆಳಗಿನದ್ದು ಮಧ್ಯಾಹ್ನ 4 ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಬೇಸಿಗೆಯಲ್ಲಿ ಮಿತಿ ಹಾಕಿದ ಲೆಕ್ಕಕ್ಕೆ ಈ ತಪ್ಪು ತಟ್ಟುವುದೇ ಇಲ್ಲ. 34 ಆದರೇನು 38 ಆದರೇನು, ಬರೆಯುವುದು 30. ಅಲ್ಲಿ ಲೆಕ್ಕ ಕೆಡಿಸುವುದು ಕನಿಷ್ಠ ಉಷ್ಣಾಂಶ. ಮೊಬೈಲಿನ ಹವಾಮಾನ ಆ್ಯಪ್ ಚಳಿಗಾಲದಲ್ಲಿ ನಮ್ಮ ತಗ್ಗಿನ ಹೊಲಕ್ಕಿಂತ 2 ಡಿಗ್ರಿ ಹೆಚ್ಚು ಹೇಳುತ್ತಿತ್ತು. ಅಂದರೆ ದಿನಕ್ಕೆ 1 ಹೆಚ್ಚು, ಕೂದಲು ಬಿಡುವ ಹೊತ್ತಿಗೆ ಐದು ದಿನದ ತಪ್ಪು. ಮುನ್ನೂರು ನಾನೂರು ರೂಪಾಯಿಯ ಥರ್ಮಾಮೀಟರು ಇದ್ದರೆ ಆ ತಾಪತ್ರಯವಿಲ್ಲ.

ಕಟಾವಿನ ದಿನದ ವಿಷಯದಲ್ಲಿ ಮಾತ್ರ ನನಗೆ ಯಾವ ಲೆಕ್ಕದ ಮೇಲೂ ಪೂರ್ತಿ ನಂಬಿಕೆ ಇಲ್ಲ. ಕಾಳು ಬಲಿತದ್ದನ್ನು ತಿಳಿಯಲು ತೆನೆಯ ನಡುವಿನ ಕಾಳು ಬಿಡಿಸಿ, ದಿಂಡಿಗೆ ಅಂಟಿದ್ದ ತುದಿಯನ್ನು ಉಗುರಿನಿಂದ ಕೆರೆಯಬೇಕು. ಅಲ್ಲಿ ಕಪ್ಪು ಪದರ ಕಂಡರೆ ಕಾಳಿಗೆ ಆಹಾರ ಹೋಗುವುದು ನಿಂತಿದೆ ಅಂತ ಅರ್ಥ. ಮಳೆಗಾಲದಲ್ಲಿ ಕೂದಲಿನಿಂದ ಕಪ್ಪು ಪದರಕ್ಕೆ 725 ಬೇಕಾಯಿತು, 50 ದಿನ. ಬೇಸಿಗೆಗೆ ಅದೇ ಮೊತ್ತ ಹಿಡಿದರೆ ಮಿತಿಯ ಲೆಕ್ಕ ಮೇ 4 ಅಂದಿತು, ಸಾದಾ ಲೆಕ್ಕ ಏಪ್ರಿಲ್ 26. ಕಪ್ಪು ಪದರ ಕಂಡದ್ದು ಏಪ್ರಿಲ್ 27ಕ್ಕೆ.

ಪಕ್ಕದ ಹೊಲದ ಅಜ್ಜ ನಕ್ಕರು. "ಏನಪ್ಪಾ, ನೀನು ಬೈದ ಲೆಕ್ಕಾನೇ ಗೆದ್ದತಲ್ಲ!"

"ಅಜ್ಜಾ, ಕಾಳು ನೋಡ್ರಿ ಮೊದಲು" ಅಂದೆ. ತುದಿಯ ಕಾಳೆಲ್ಲ ಸುಕ್ಕು, ಹಗುರ. ಏಪ್ರಿಲ್ ನಡುವಿನಲ್ಲಿ ಬೋರು ಸೊರಗಿ ನೀರು ಅರ್ಧಕ್ಕೆ ಇಳಿದಿತ್ತು. ಬಾಯಾರಿದ ಗಿಡ ಅವಧಿಗೆ ಮುಂಚೆಯೇ ಕಾಳಿನ ಬಾಗಿಲು ಹಾಕಿಬಿಟ್ಟಿತ್ತು. ಸಾದಾ ಲೆಕ್ಕದ ತಾರೀಕು ಕೂಡಿ ಬಂದದ್ದು ಹಾಗೆ. ಲೆಕ್ಕಕ್ಕಿಂತ ವಾರ ಮುಂಚೆ ಕಪ್ಪು ಪದರ ಬಂದರೆ ನಾನೀಗ ಮೊದಲು ನೀರು, ಎಲೆಯ ರೋಗ ಇವನ್ನೇ ಅನುಮಾನಿಸುತ್ತೇನೆ. ಕೂದಲಿನ ವಿಷಯದಲ್ಲಿ ಇದು ತಿರುಗುಮುರುಗು: ನೀರು ಕಡಿಮೆಯಾದರೆ ಕೂದಲು ತಡವಾಗುತ್ತದೆ, ಅಷ್ಟರೊಳಗೆ ಸೂಲಂಗಿಯ ಪರಾಗ ಉದುರಿ ಮುಗಿದಿರುತ್ತದೆ.

ಕಪ್ಪು ಪದರ ಬಂದ ದಿನವೇ ಮುರಿಯುವುದಕ್ಕೂ ಆಗುವುದಿಲ್ಲ, ಕಾಳಿನಲ್ಲಿ ಆಗ ಮೂರನೇ ಒಂದು ಭಾಗದಷ್ಟು ತೇವ ಇರುತ್ತದೆ. ಮಾರುಕಟ್ಟೆಯಲ್ಲಿ ಕೇಳುವುದು ನೂರಕ್ಕೆ 14. ಬೇಸಿಗೆಯಲ್ಲಿ ಹತ್ತು ದಿನಕ್ಕೆ ಒಣಗಿತು, ಮಳೆಗಾಲದಲ್ಲಿ ಚಿತ್ತೆ ಮಳೆ ಹಿಡಿದು ಮೂರೂವರೆ ವಾರ ಹೊಲದಲ್ಲೇ ನಿಂತಿತ್ತು. ಒಣಗುವುದು ಗಾಳಿಯ ಪಸೆಗೆ ಬಿಟ್ಟದ್ದು, ಡಿಗ್ರಿ-ದಿನ ಅದನ್ನು ಹೇಳುವುದಿಲ್ಲ. ಸಾಲುಗಳ ನಡುವೆ ಹಾಕಿದ್ದ ತೊಗರಿಗೂ ಇದೇ ಪಟ್ಟಿ ಹಿಡಿಯಲು ಹೋಗಿ ಕೈಬಿಟ್ಟೆ. ನಮ್ಮ ಕಡೆಯ ದೀರ್ಘಾವಧಿ ತೊಗರಿ ಹಗಲು ಮೊಟಕಾಗುವುದನ್ನು ಕಾದು ಹೂ ಬಿಡುತ್ತದೆ, ಬಿಸಿಯ ಮೊತ್ತ ಒಂದನ್ನೇ ಕೂಡಿಸಿದರೆ ಅದು ಸಿಗುವುದಿಲ್ಲ.

ಈಗ ನಾನು ಉಳಿಸಿಕೊಂಡಿರುವುದು ಮಿತಿ ಹಾಕಿದ ಲೆಕ್ಕ, ಅದೂ ಕೂದಲಿನವರೆಗೆ ಮಾತ್ರ. ಮೊತ್ತ 750 ಮುಟ್ಟಿದ ದಿನ ಟೊಮೇಟೊ ಕಡೆಯ ವಾಲ್ವ್ ಅರ್ಧ ಮುಚ್ಚಿ, ಜೋಳದ ಕಡೆ ಪೂರ್ತಿ ತಿರುಗಿಸುತ್ತೇನೆ.