ಸಣ್ಣ ಸಾಲ ಮೊದಲೋ, ದುಬಾರಿ ಬಡ್ಡಿ ಮೊದಲೋ?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ ಇಟ್ಟವರೊಬ್ಬರ ಲೆಕ್ಕ ಅಂದುಕೊಳ್ಳಿ. ಒಂದು ಕ್ರೆಡಿಟ್ ಕಾರ್ಡಿನಲ್ಲಿ 12,000 ಬಾಕಿ, ತಿಂಗಳಿಗೆ ಶೇ 2.5 ಬಡ್ಡಿ. ಇನ್ನೊಂದರಲ್ಲಿ 60,000, ಬಡ್ಡಿ ಶೇ 3.75. ಎರಡಕ್ಕೂ ಸೇರಿ ತಿಂಗಳಿಗೆ 12,000 ಕಟ್ಟಬಲ್ಲರು. ಕನಿಷ್ಠ ಕಂತು ಸಣ್ಣದಕ್ಕೆ 600, ದೊಡ್ಡದಕ್ಕೆ 3,000.

ಸ್ನೋಬಾಲ್ ಅಂದರೆ ಸಣ್ಣ ಬಾಕಿ ಮೊದಲು. ದೊಡ್ಡದಕ್ಕೆ ಕನಿಷ್ಠ ಕಂತು ಹಾಕಿ ಉಳಿದದ್ದನ್ನೆಲ್ಲ ಸಣ್ಣದಕ್ಕೆ ಸುರಿದರೆ ಎರಡನೇ ತಿಂಗಳಲ್ಲೇ ಒಂದು ಕಾರ್ಡು ಖಾಲಿ. ಅವಲಾಂಚ್‌ನಲ್ಲಿ ಬಡ್ಡಿ ಹೆಚ್ಚಿರುವುದು ಮೊದಲು. ಇಲ್ಲಿ ಮೊದಲು ಮುಗಿಯುವುದು ದೊಡ್ಡ ಬಾಕಿಯ ಕಾರ್ಡು, ಅದೂ ಆರನೇ ತಿಂಗಳಿಗೆ.

ಎರಡರಲ್ಲೂ ಪೂರ್ತಿ ಸಾಲ ತೀರುವುದು ಏಳನೇ ತಿಂಗಳಲ್ಲೇ! ಬಡ್ಡಿ ಮೇಲಿನ ಜಿಎಸ್‌ಟಿ ಬಿಟ್ಟರೆ ಸ್ನೋಬಾಲ್‌ನಲ್ಲಿ ಒಟ್ಟು ಕಟ್ಟುವುದು ಸುಮಾರು 82,860, ಅವಲಾಂಚ್‌ನಲ್ಲಿ 82,020. ಅಂತರ ಸುಮಾರು 850 ರೂಪಾಯಿ.

ಹಾಗಾಗಿ ಸಂಬಳ ತಾರೀಖಿಗೆ ಬರುವವರಿಗೆ ನಾನು ಅವಲಾಂಚ್ ಅನ್ನುತ್ತೇನೆ. ರೈತರು ತೊಗರಿ ಮಾರಿದ ಮೇಲೆಯೇ ಗಿರಾಕಿ ಬರುವಂಥ ಅಂಗಡಿಯವರಿಗೆ ಸ್ನೋಬಾಲ್ ವಾಸಿ: ನೆನಪಿಡಬೇಕಾದ ಗಡುವು ಒಂದು ಕಡಿಮೆ. ಒಂದೆರಡು ಸಲ ಗಡುವು ತಪ್ಪಿದರೆ ದಂಡಕ್ಕೇ ಆ 850 ಹೋದೀತು. ಕಾರ್ಡುಗಳ ಬಡ್ಡಿ ಹೆಚ್ಚೂಕಡಿಮೆ ಒಂದೇ ಆಗಿದ್ದರೆ ಅವಲಾಂಚ್‌ನ ಲಾಭವೇ ಉಳಿಯುವುದಿಲ್ಲ.

ಆದರೆ ಬಾಕಿ ಇರುವ ಕಾರ್ಡನ್ನು ಮತ್ತೆ ಉಜ್ಜಿದರೆ ಎರಡೂ ಲೆಕ್ಕ ಕೆಡುತ್ತವೆ. ಬಾಕಿ ಉಳಿಸಿಕೊಂಡವರಿಗೆ ಬಡ್ಡಿರಹಿತ ಅವಧಿ ಸಿಗದು. ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.