ಚಿಕನ್ ಸ್ಕಿನ್ ಗರಿಗರಿ ಆಗೋಕೆ: ತಣ್ಣಗಿನ ಬಾಣಲೆಯೋ, ಕಾದ ಬಾಣಲೆಯೋ?

ಮೂಳೆ ಇರುವ, ಸ್ಕಿನ್ ಸಮೇತದ ತೊಡೆ ಪೀಸ್ ಆದರೆ ನನ್ನ ಓಟು ತಣ್ಣಗಿನ ಬಾಣಲೆಗೇ. ನಮ್ಮ ಕಡೆ ಅಂಗಡಿಯವರು ಸ್ಕಿನ್ ತೆಗೆದೇ ಕೊಡೋದು ಜಾಸ್ತಿ, ಮೊದಲೇ ಹೇಳಿಡಿ.

ಕಾದ ಬಾಣಲೆಗೆ ಹಾಕಿದರೆ ಸ್ಕಿನ್ ತಕ್ಷಣ ಮುದುಡಿ, ಒಳಗಿನ ಕೊಬ್ಬು ಕರಗುವ ಮೊದಲೇ ಹೊರಗೆ ಕೆಂಪಾಗುತ್ತದೆ. ನೋಡೋಕೆ ಚೆನ್ನಾಗಿರುತ್ತದೆ, ಕಚ್ಚಿದರೆ ಅಡಿಯಲ್ಲಿ ರಬ್ಬರಿನಂಥ ಬಿಳಿ ಪದರ. ತಣ್ಣಗಿನ ಬಾಣಲೆಯಲ್ಲಿ ಬಿಸಿ ನಿಧಾನವಾಗಿ ಏರುವುದರಿಂದ ಕೊಬ್ಬು ಮೊದಲು ಕರಗಿ ಹೊರಬರುತ್ತದೆ, ಆಮೇಲೆ ಅದೇ ಕೊಬ್ಬಿನಲ್ಲಿ ಸ್ಕಿನ್ ಹುರಿಯುತ್ತದೆ, ಬೇರೆ ಎಣ್ಣೆ ಬೇಕಿಲ್ಲ. ಆದರೆ ಸಮಯ ಹಿಡಿಯುತ್ತದೆ: ಸ್ಕಿನ್ ಕಡೆಗೇ 15ರಿಂದ 20 ನಿಮಿಷ.

ಸ್ಕಿನ್ ಚೆನ್ನಾಗಿ ಒರೆಸಿ, ಉಪ್ಪು ಹಚ್ಚಿ, ಸ್ಕಿನ್ ಕೆಳಗೆ ಮಾಡಿ ಇಟ್ಟ ಮೇಲೆ ಒಲೆ ಹಚ್ಚಿ. ಉರಿ ಮಧ್ಯಮಕ್ಕಿಂತ ತುಸು ಕಮ್ಮಿ. ಕಿವಿ ಕೊಡಿ, ಒಂದೇ ಸಮನೆ ಚುರುಚುರು ಅಂತಿರಬೇಕು. ಸದ್ದೇ ಇಲ್ಲದಿದ್ದರೆ ಉರಿ ಸಾಲದು, ಹೊಗೆ ಬಂದರೆ ಜಾಸ್ತಿಯಾಯ್ತು.

ಒತ್ತಬೇಕಾ? ಹೌದು, ಆದರೆ ಶುರುವಿನಲ್ಲಿ ಮಾತ್ರ. ಬಿಸಿಗೆ ಸ್ಕಿನ್ ಕುಗ್ಗಿ ಅಂಚು ಮೇಲೇಳುತ್ತದೆ, ತಳಕ್ಕೆ ತಾಗದ ಜಾಗ ಬಿಳಿಯಾಗೇ ಉಳಿಯುತ್ತದೆ. ಸದ್ದು ಶುರುವಾದ ಮೇಲೆ ಒಂದೈದು ನಿಮಿಷ ಫಾಯಿಲ್ ಸುತ್ತಿದ ಚಿಕ್ಕ ಭಾರದ ಪಾತ್ರೆ ಇಡಿ, ಬಾಣಲೆಗಿಂತ ಚಿಕ್ಕದು, ಆವಿ ಹೋಗಬೇಕಲ್ವಾ. ಅಂಟಿಕೊಂಡಿದ್ದರೆ ಎಳೆಯಬೇಡಿ, ಕೆಂಪಾದಾಗ ತಾನೇ ಬಿಡುತ್ತದೆ. ತಿರುಗಿಸಿದ ಮೇಲೆ ಭಾರವೂ ಬೇಡ, ಮುಚ್ಚಳವೂ ಬೇಡ, ಆವಿಗೆ ಸ್ಕಿನ್ ಮತ್ತೆ ಮೆತ್ತಗಾಗುತ್ತದೆ. ಮೂಳೆ ಹತ್ತಿರ 74 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಬೇಯಿಸಿ.

ಸ್ಕಿನ್ ಇಲ್ಲದ ಎದೆ ಪೀಸ್‌ಗೆ ಮಾತ್ರ ಕಾದ ಬಾಣಲೆಯೇ ಸರಿ. ಕರಗಿಸೋಕೆ ಅಲ್ಲಿ ಕೊಬ್ಬೇ ಇಲ್ಲ, ನಿಧಾನ ಮಾಡಿದಷ್ಟೂ ಒಣಗುತ್ತದೆ.