ಹದಿನಾರು ಗುಳಿಯ ಇಡ್ಲಿ ಸ್ಟ್ಯಾಂಡ್: ಆರು ವರ್ಷಗಳ ಬಳಕೆಯ ನಂತರ

ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಗುಳಿ ಇರುವ ಈ ಸ್ಟೀಲ್ ಸ್ಟ್ಯಾಂಡನ್ನು ಆರು ವರ್ಷಗಳಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ಬಳಸುತ್ತಿದ್ದೇನೆ. ಪೆಟ್ಟಿಗೆಯ ಮೇಲೆ ‘16 ಇಡ್ಲಿ’ ಎಂದಷ್ಟೇ ಬರೆದಿತ್ತು. ಅದಕ್ಕೆ ಎಷ್ಟು ಹಿಟ್ಟು ಬೇಕೆಂಬುದನ್ನು ನಾನೇ ಅಳೆದು ತಿಳಿಯಬೇಕಾಯಿತು.

ಒಂದು ಗುಳಿಗೆ ಅಂಚಿನವರೆಗೆ ನೀರು ತುಂಬಿ ಅಳತೆಯ ಲೋಟಕ್ಕೆ ಸುರಿದಾಗ 60 ಮಿ.ಲೀ. ಬಂತು. ಆದರೆ ಹಿಟ್ಟನ್ನು ಅಷ್ಟು ಹಾಕುವಂತಿಲ್ಲ. ಮೊದಲ ತಿಂಗಳು ಹಾಗೆಯೇ ಹಾಕಿ, ಬೆಂದು ಉಬ್ಬಿದ ಇಡ್ಲಿಗಳು ಮೇಲಿನ ತಟ್ಟೆಯ ತಳಕ್ಕೆ ಅಂಟಿ, ಬಿಡಿಸುವಾಗ ನೆತ್ತಿಯ ಸಿಪ್ಪೆಯನ್ನೇ ಕಳೆದುಕೊಂಡವು. ಈಗ ಮುಕ್ಕಾಲು ಭಾಗ, ಅಂದರೆ 45 ಮಿ.ಲೀ. ಹಾಕುತ್ತೇನೆ; ನಮ್ಮ ಮನೆಯ ಚಿಕ್ಕ ಸೌಟಿನಲ್ಲಿ ಅದು ಸರಿಯಾಗಿ ಒಂದು ಸೌಟು. ಹಾಗಾಗಿ ಪೂರ್ತಿ ಸ್ಟ್ಯಾಂಡಿಗೆ 720 ಮಿ.ಲೀ. ಸಾಕು.

ನಮ್ಮ ಲೆಕ್ಕ 200 ಮಿ.ಲೀ. ಲೋಟದಲ್ಲಿ ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿ ರವೆ. ರುಬ್ಬಿ ಕಲಸಿದಾಗ ಸುಮಾರು 1.1 ಲೀಟರ್ ಇರುವ ಹಿಟ್ಟು ಬೆಳಿಗ್ಗೆಗೆ ಒಂದೂವರೆ ಲೀಟರಿಗೂ ಮೀರಿ ಉಬ್ಬಿರುತ್ತದೆ. ಉಪ್ಪು ಹಾಕಿ ಮೆಲ್ಲಗೆ ತಿರುವಿದ ಮೇಲೆ 1.3 ಲೀಟರಿಗೆ ಇಳಿಯುತ್ತದೆ. ಮೊದಲ ಸುತ್ತಿಗೆ ಹದಿನಾರು, ಎರಡನೆಯದಕ್ಕೆ ಹನ್ನೆರಡು, ಒಟ್ಟು 28 ಇಡ್ಲಿ. ಪಾತ್ರೆಯ ಅಂಚಿಗೆ ಹತ್ತಿದ್ದು ಲೆಕ್ಕಕ್ಕಿಲ್ಲ.

ಇಲ್ಲಿ ಲೀಟರ್ ಲೆಕ್ಕ ಮೋಸ ಮಾಡುವುದುಂಟು. ಒಮ್ಮೆ ನೆಂಟರು ಬಂದ ಗಡಿಬಿಡಿಯಲ್ಲಿ ಹಿಟ್ಟನ್ನು ಜೋರಾಗಿ ಕದಡಿಬಿಟ್ಟೆ. ಒಳಗಿನ ಗಾಳಿ ಹೋಗಿ ಅದು ಲೀಟರಿಗೆ ಇಳಿಯಿತು. ಅದೇ ಸೌಟಿನಲ್ಲಿ ಹಾಕಿದರೂ 22 ಇಡ್ಲಿ ಮಾತ್ರ ಆದವು, ಅವೂ ಕೈಗೆ ಭಾರವಾಗಿ ಗಟ್ಟಿಯಾಗಿದ್ದವು. ಹಿಟ್ಟಿನ ತೂಕ ಅಷ್ಟೇ ಇದ್ದರೂ, ಗುಳಿಗೆ ಗಾಳಿಯ ಬದಲು ಹಿಟ್ಟೇ ಹೆಚ್ಚು ಹೋಗಿತ್ತು. ಸೌಟಿನಿಂದ ಸುರಿದ ಹಿಟ್ಟು ಕ್ಷಣಕಾಲ ಗುಡ್ಡೆಯಾಗಿ ನಿಂತು ನಿಧಾನವಾಗಿ ಹರಡಿದರೆ 28ರ ಲೆಕ್ಕ ನಂಬಬಹುದು; ಬಿದ್ದೊಡನೆ ಸಮತಟ್ಟಾದರೆ ಐದಾರು ಕಡಿಮೆಯೆಂದೇ ತಿಳಿಯಬೇಕು. ಉಳಿದ ಹಿಟ್ಟನ್ನು ಮರುದಿನ ಬಳಸುವಾಗಲೂ ಹೀಗೇ ಆಗುವುದರಿಂದ, ನಾನು ಅದನ್ನು ದೋಸೆಗೆ ತಿರುಗಿಸುತ್ತೇನೆ.

ಸ್ಟ್ಯಾಂಡಿನ ಮೇಲೆ ನನ್ನ ದೂರು ಎರಡು. ಕೆಳಗಿನ ತಟ್ಟೆ ತಳಕ್ಕೆ ತೀರ ಹತ್ತಿರವಿದ್ದು, ನೀರು ಒಂದು ಬೆರಳಿಗಿಂತ ಹೆಚ್ಚಾದರೆ ಕುದಿಯುವಾಗ ರಂಧ್ರಗಳಿಂದ ನುಗ್ಗಿ ಆ ನಾಲ್ಕು ಇಡ್ಲಿಗಳ ತಳ ಪಿಚಪಿಚ ಎನ್ನುತ್ತದೆ. ಎರಡನೆಯದಾಗಿ, ನಡುವಿನ ಕಂಬದ ತಿರುಪು ಮೂರನೆಯ ವರ್ಷಕ್ಕೇ ಸಡಿಲವಾಯಿತು. ತಟ್ಟೆಗಳು ತಿರುಗಿ ಒಂದರ ಗುಳಿ ಇನ್ನೊಂದರ ಗುಳಿಯ ನೇರಕ್ಕೆ ಬಂದರೆ, 45 ಮಿ.ಲೀ. ಹಾಕಿದರೂ ಇಡ್ಲಿಯ ನೆತ್ತಿ ಚಪ್ಪಟೆಯಾಗುತ್ತದೆ. ಜೋಡಿಸುವಾಗ ಕೆಳಗಿನ ಎರಡು ಗುಳಿಗಳ ನಡುವಿನ ಸಂದಿಗೆ ಮೇಲಿನ ಗುಳಿ ಬರುವಂತೆ ಪ್ರತಿ ಸಲವೂ ಕೈಯಿಂದಲೇ ತಿರುಗಿಸಿಕೊಳ್ಳುತ್ತಿದ್ದೇನೆ.